ಹಾರ ಬಿದ್ದ ಕೊರಳಿಗೆ ಬೈನಾಕ್ಯುಲರ್

ನಮ್ಮಲ್ಲಿ ಅನೇಕ ಮೇಷ್ಟ್ರುಗಳು ಮೇ 31ಕ್ಕೇ ನಿವೃತ್ತರಾಗುತ್ತಾರೆ. ಕಾರಣ ಸರಳ. ಅವರನ್ನು ಶಾಲೆಗೆ ಸೇರಿಸಿದ ದಿನ ಹುಟ್ಟಿದ ತಾರೀಕು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ಹೆಡ್‌ಮಾಸ್ಟರು ಜೂನ್ 1 ಎಂದು ಬರೆದುಕೊಂಡರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಸೇವೆಯಿಂದ ಬಿಡುಗಡೆಯಾಗಬೇಕು ಎಂಬುದು ನಿಯಮ. ಹಾಗಾಗಿ ಅರವತ್ತು ತುಂಬುವ ವರ್ಷ ಮೇ ಕೊನೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಜೊತೆಗೊಂದು ಗೋಡೆ ಗಡಿಯಾರ. ಮಾರನೆಯ ದಿನ ಶಾಲೆ ಶುರುವಾಗುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಅತ್ತ ಹೊರಟರೆ ಇವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ.

ಈ ಭಯ ಮಕ್ಕಳಿಗೂ ಗೊತ್ತಿರುತ್ತದೆ. ಅದಕ್ಕೇ ಅವರು ಏನಾದರೊಂದು ಹವ್ಯಾಸ ಹಚ್ಚಿಸಲು ನೋಡುತ್ತಾರೆ. ಕೀಬೋರ್ಡ್ ಬರುತ್ತದೆ, ಬಣ್ಣದ ಪೆಟ್ಟಿಗೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ಎರಡೂ ಅಟ್ಟ ಸೇರುತ್ತವೆ. ಸಾಮಾನು ಕೆಟ್ಟದ್ದೇನಲ್ಲ. ಆದರೆ ಮನೆಗೆ ಬಂದ ಪೆಟ್ಟಿಗೆ ಯಾರನ್ನೂ ಇಂಥ ಹೊತ್ತಿಗೆ ಇಂಥ ಕಡೆ ಬಾ ಎಂದು ಕರೆಯುವುದಿಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು ಕಳೆದುಕೊಂಡಿರುವುದು ಆ ಕರೆಯನ್ನು. ಉಡುಗೊರೆಯಲ್ಲಿ ಒಂದು ಸಾಮಾನು, ಒಂದು ನಿಗದಿತ ಹೊತ್ತು, ಕಾಯುವ ನಾಲ್ಕು ಜನ, ಈ ಮೂರೂ ಇರಬೇಕು. ನನ್ನ ಲೆಕ್ಕದಲ್ಲಿ ಮೂರನ್ನೂ ಕಡಿಮೆ ಖರ್ಚಿನಲ್ಲಿ ಒದಗಿಸುವ ಹವ್ಯಾಸ ಹಕ್ಕಿ ನೋಡುವುದು. ಮೊಣಕಾಲು ನೋವಿನವರಿಗೂ ಇದು ಒಗ್ಗುತ್ತದೆ, ಏಕೆಂದರೆ ಹಕ್ಕಿ ನೋಡುವವರ ನಡಿಗೆ ನಡಿಗೆಯೇ ಅಲ್ಲ. ಒಂದು ಕಿಲೋಮೀಟರಿಗೆ ಎರಡು ಗಂಟೆ ಹಿಡಿದರೂ ಯಾರೂ ಕೇಳುವುದಿಲ್ಲ.

ಮೊದಲು ಬೈನಾಕ್ಯುಲರ್. ಉಡುಗೊರೆ ಕೊಡುವವರು ಎಡವುವುದು ಇಲ್ಲೇ. ಅದರ ಮೇಲೆ 8x42 ಎಂಬಂತೆ ಎರಡು ಅಂಕಿ ಬರೆದಿರುತ್ತದೆ. ಮೊದಲನೆಯದು ಹಕ್ಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮೊದಲ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಂಡು 20x50 ತರುತ್ತಾರೆ. ಹಕ್ಕಿ ಇಪ್ಪತ್ತು ಪಟ್ಟು ಹತ್ತಿರ ಬಂದರೆ ಕೈಯ ನಡುಕವೂ ಇಪ್ಪತ್ತು ಪಟ್ಟು ಕಾಣುತ್ತದೆ. ನೋಟದ ವಿಸ್ತಾರವೂ ಕಿರಿದಾಗಿ, ಮಾವಿನ ಮರದಲ್ಲಿ ಎಲೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಅರವತ್ತು ದಾಟಿದ ಕೈಗೆ ಎಂಟು ಪಟ್ಟು ಸಾಕು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 8x42ರಲ್ಲಿ ಅದು ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ವಯಸ್ಸಾದಂತೆ ಕಣ್ಣಿನ ಪಾಪೆ ಮಬ್ಬು ಬೆಳಕಿನಲ್ಲೂ ಅದಕ್ಕಿಂತ ಹೆಚ್ಚು ಅಗಲವಾಗುವುದು ಕಡಿಮೆ, ಆದ್ದರಿಂದ ಇನ್ನೂ ದಪ್ಪದ್ದನ್ನು ತಂದರೆ ಕತ್ತಿಗೆ ಭಾರವೇ ಹೊರತು ಕಣ್ಣಿಗೆ ಲಾಭವಿಲ್ಲ. ಕತ್ತು ನೋವು ಇರುವವರಿಗೆ 8x32 ತನ್ನಿ, ತೂಕ ಸುಮಾರು ಅರ್ಧ ಕಿಲೋ. ಕೊರಳಿಗೆ ಹಾಕುವ ಪಟ್ಟಿಯ ಬದಲು ಎರಡೂ ಹೆಗಲಿಗೆ ಬರುವ ಪಟ್ಟಿ ಕೂಡ ಸಿಗುತ್ತದೆ.

ಕನ್ನಡಕ ಹಾಕುವವರಾದರೆ ಅಂಗಡಿಯಲ್ಲಿ ‘ಐ ರಿಲೀಫ್’ ಎಷ್ಟು ಎಂದು ಕೇಳಿ. ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ದೃಶ್ಯ ಕಾಣುತ್ತದೆ ಎಂಬ ಅಳತೆ ಅದು. ಹದಿನೈದು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕನ್ನಡಕದವರಿಗೆ ದೃಶ್ಯದ ಅಂಚು ಕತ್ತರಿಸಿಹೋಗುತ್ತದೆ. ಕಣ್ಣಿಗೊತ್ತುವ ರಬ್ಬರ್ ಬಟ್ಟಲನ್ನು ಕನ್ನಡಕದವರು ಒಳಗೆ ತಿರುಗಿಸಿಕೊಳ್ಳಬೇಕು. ಇದನ್ನು ಯಾರೂ ಹೇಳಿಕೊಡದೆ, ನನಗಿದು ಕಾಣುವುದೇ ಇಲ್ಲ ಎಂದು ಎತ್ತಿಟ್ಟವರಿದ್ದಾರೆ.

ಕೊಳ್ಳುವ ಮೊದಲು ಎರಡು ಪರೀಕ್ಷೆ. ಬೈನಾಕ್ಯುಲರನ್ನು ಒಂದು ಮೊಳ ದೂರ ಹಿಡಿದು, ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ದುಂಡಗಿದ್ದರೆ ಸರಿ, ಅಂಚು ಚೌಕವಾಗಿ ಮಂಕಾಗಿದ್ದರೆ ಒಳಗಿನ ಗಾಜು ಅಗ್ಗದ್ದು. ಆಮೇಲೆ ದೂರದ ಮೊಬೈಲ್ ಟವರ್ ನೋಡಿ. ಎರಡು ಟವರು ಕಂಡರೆ, ಇಲ್ಲವೇ ಐದು ನಿಮಿಷಕ್ಕೆ ತಲೆ ಸಿಡಿಯತೊಡಗಿದರೆ ಎರಡು ಕೊಳವೆಗಳು ಒಂದೇ ದಿಕ್ಕಿಗೆ ಕೂತಿಲ್ಲ ಎಂದರ್ಥ. ಎಂಟರಿಂದ ಹದಿನೈದು ಸಾವಿರ ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ. ಒಬ್ಬರಿಗೆ ಹೆಚ್ಚು ಎನಿಸಿದರೆ ಸ್ಟಾಫ್ ರೂಮಿನವರೆಲ್ಲ ಸೇರಿ ಹಾಕಿ. ಗಡಿಯಾರ, ಬೆಳ್ಳಿ ಲೇಪದ ಗಣಪತಿ, ಫಲಕ, ಇವುಗಳಿಗೆಲ್ಲ ಕೂಡಿ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಕೊಟ್ಟ ದಿನವೇ ಹತ್ತು ನಿಮಿಷ ಕೂತು ಹೊಂದಿಸಿಕೊಡಿ. ಎರಡು ಕೊಳವೆಯನ್ನು ಹತ್ತಿರ, ದೂರ ಮಾಡಿ ಎರಡು ವೃತ್ತ ಒಂದಾಗುವಂತೆ ನೋಡಿಕೊಳ್ಳಬೇಕು. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಸಾಮಾನ್ಯವಾಗಿ ಬಲಗೊಳವೆಯ ಮೇಲಿರುವ ಉಂಗುರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಕಣ್ಣಿನ ಪೊರೆಯ ಆಪರೇಷನ್ ಆದರೆ ಈ ಹೊಂದಿಕೆ ಮತ್ತೆ ಮಾಡಬೇಕು. ಪೊರೆ ಬೆಳೆದಿದ್ದೂ ತೆಗೆಸದಿದ್ದರೆ ಎಷ್ಟು ದುಬಾರಿ ಬೈನಾಕ್ಯುಲರೂ ಮಂಜು ಮಂಜೇ, ಅಂಥವರಿಗೆ ಮೊದಲ ಉಡುಗೊರೆ ಕಣ್ಣಿನ ತಪಾಸಣೆ.

ನಮ್ಮ ಬಂಧುಗಳಲ್ಲೊಬ್ಬರು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಇಂಥದ್ದೊಂದು ಮೇ 31ರಂದೇ ಮನೆಗೆ ಬಂದರು. ಮಗಳು ಬೈನಾಕ್ಯುಲರ್ ಜೊತೆ ಉದ್ದನೆಯ ಲೆಡ್ಜರ್ ಪುಸ್ತಕ ಕೊಟ್ಟಿದ್ದಳು. ಶುರು ಮಾಡಿಸಿದ್ದು ಕಾಗೆಯಿಂದ. ಅವರಿಗೆ ಸ್ವಲ್ಪ ಅವಮಾನವೇ ಆಯಿತು.

“ಕಾಗೆ ನೋಡೋಕೆ ಇದೆಲ್ಲ ಬೇಕೇನಮ್ಮಾ?”

“ಕತ್ತು ನೋಡಿ ಅಪ್ಪ. ಅದಕ್ಕೆ ಬೂದು ಬಣ್ಣ ಇದೆ. ಆ ಕಂಬದ ಮೇಲಿರೋದಕ್ಕೆ ಇದೆಯಾ?”

ಇರಲಿಲ್ಲ. ಬೂದು ಕತ್ತಿನದು ಊರ ಕಾಗೆ, ಪೂರ್ತಿ ಕಪ್ಪಿನದು ಕಾಡು ಕಾಗೆ. ಅರವತ್ತು ವರ್ಷ ಎರಡಕ್ಕೂ ಪಿಂಡದ ಅನ್ನ ಹಾಕಿದವರು ಅವತ್ತೇ ವ್ಯತ್ಯಾಸ ನೋಡಿದ್ದು. ಮುಂದೆ ಗೊರವಂಕ. ಕಣ್ಣಿನ ಸುತ್ತ ಹಳದಿ ಚರ್ಮ ಇದ್ದರೆ ಮಾಮೂಲಿ ಗೊರವಂಕ, ಅದಿಲ್ಲದೆ ಕೊಕ್ಕಿನ ಬುಡದಲ್ಲಿ ಸಣ್ಣ ಜುಟ್ಟಿದ್ದರೆ ಕಾಡು ಗೊರವಂಕ. ಕಲಿಕೆ ಹೀಗೆ ಗೊತ್ತಿರುವ ಹಕ್ಕಿಯಿಂದಲೇ ಶುರುವಾಗಬೇಕು. ಬೈನಾಕ್ಯುಲರ್ ಹಿಡಿದು ಮರದಲ್ಲಿ ಹಕ್ಕಿ ಹುಡುಕುವುದಲ್ಲ, ಬರಿಗಣ್ಣಿಗೆ ಕಂಡ ಹಕ್ಕಿಯಿಂದ ದೃಷ್ಟಿ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತರುವುದು ಎಂಬುದು ಇನ್ನೊಂದು ಪಾಠ. ಅದನ್ನು ಎದುರು ಬೀದಿಯ ಅಂಗಡಿ ಬೋರ್ಡಿನ ಮೇಲೆ ಅಭ್ಯಾಸ ಮಾಡಿದರೂ ನಡೆಯುತ್ತದೆ.

ಜೂನ್ ತಿಂಗಳು ಹಕ್ಕಿ ನೋಡುವ ಹೊಸಬರಿಗೆ ಅಷ್ಟು ಒಳ್ಳೆಯ ಕಾಲವಲ್ಲ. ಚಳಿಗಾಲದ ವಲಸೆ ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಹೆಚ್ಚಿನಂಶ ಹೊರಟಿರುತ್ತವೆ, ಮೇಲೆ ಮಳೆ. ಆದರೆ ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲೇ. ಮೇಷ್ಟ್ರ ಮನೆಯಿಂದ ಕೂಗಳತೆಯಲ್ಲಿ ಒಂದು ಹಾಳು ಬಾವಿ, ಅದರ ಮೇಲೆ ಬಾಗಿದ ಈಚಲು. ಗಂಡು ಗೀಜಗ ಗರಿಕೆ, ಕಬ್ಬಿನ ಗರಿಗಳ ಎಳೆ ಸೀಳಿ ತಂದು ಗೂಡನ್ನು ಅರ್ಧಕ್ಕೆ ನೇಯ್ದು ನಿಲ್ಲಿಸುತ್ತದೆ. ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಕೆಳಗಿನ ಕೊಳವೆ ಪೂರ್ತಿಯಾಗುತ್ತದೆ, ಒಪ್ಪದಿದ್ದರೆ ಗೂಡು ಹಾಗೇ ತೂಗಾಡುತ್ತದೆ, ಗಂಡು ಇನ್ನೊಂದಕ್ಕೆ ಕೈ ಹಾಕುತ್ತದೆ. ಮೇಷ್ಟ್ರು ಲೆಡ್ಜರಿನಲ್ಲಿ ಮೂರು ಕಾಲಂ ಗೆರೆ ಎಳೆದರು: ಅರ್ಧ, ಒಪ್ಪಿದ್ದು, ಬಿಟ್ಟಿದ್ದು. ವಾರಕ್ಕೊಮ್ಮೆ ಎಣಿಕೆ. ಗಣಿತದ ಮೇಷ್ಟ್ರಲ್ಲವೇ, ಆಗಸ್ಟಿಗೆ ಶೇಕಡಾವಾರು ಕೂಡ ಬಂತು.

ಇನ್ನು ಹೊತ್ತು. ದಿನಾ ಒಂದೇ ಜಾಗ, ಒಂದೇ ಸಮಯ, ಹದಿನೈದು ನಿಮಿಷ, ಕಂಡದ್ದೆಲ್ಲ ಎಣಿಸಿ ಬರೆಯುವುದು. ಹೊಸ ಹಕ್ಕಿ ಕಂಡರೆ ಮಾತ್ರ ಬರೆಯುತ್ತೇನೆ ಎಂದುಕೊಂಡವರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ, ಏಕೆಂದರೆ ಮನೆಯ ಸುತ್ತ ಹೊಸದು ಬೇಗ ಮುಗಿಯುತ್ತದೆ. ದಿನಾ ಬರೆಯುವವರಿಗೆ ಮಾತ್ರ ಸೆಪ್ಟೆಂಬರಿನಲ್ಲಿ ಮೋರಿ ಪಕ್ಕ ಬಾಲ ಕುಣಿಸುವ ಬೂದು ಸಿಪಿಲೆ ಮರಳಿ ಬಂದದ್ದು ಯಾವ ದಿನ ಎಂದು ಗೊತ್ತಾಗುತ್ತದೆ. ಈ ಪಟ್ಟಿಯನ್ನು ಫೋನಿನಲ್ಲಿ eBird ಎಂಬ ಉಚಿತ ಆ್ಯಪಿಗೂ ಹಾಕಬಹುದು. ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2020 ಮತ್ತು 2023ರಲ್ಲಿ ಬಂದ ವರದಿಗಳು ಹೀಗೆ ಸಾಮಾನ್ಯ ಜನ ಹಾಕಿದ ಪಟ್ಟಿಗಳ ಮೇಲೇ ನಿಂತಿವೆ. ಅಲ್ಲೊಂದು ಎಚ್ಚರ ಬೇಕು: ಗುರುತು ಸಿಗದ್ದನ್ನು ಊಹಿಸಿ ಬರೆಯಬಾರದು. ಚಳಿಗಾಲದಲ್ಲಿ ಎಲೆಗಳ ನಡುವೆ ಚಡಪಡಿಸುವ ಸಣ್ಣ ಹಸುರು-ಬೂದು ಉಲಿಯಕ್ಕಿಗಳು ಪಳಗಿದವರನ್ನೂ ಸತಾಯಿಸುತ್ತವೆ. ‘ಗೊತ್ತಾಗಲಿಲ್ಲ’ ಎಂದು ಬರೆದರೆ ಮೇಷ್ಟ್ರ ಮರ್ಯಾದೆಗೇನೂ ಕುಂದಿಲ್ಲ. ಹೋಲಿಸಿ ನೋಡಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಜೊತೆಗಿಡಿ.

ಕ್ಯಾಮೆರಾ ಮಾತ್ರ ಮೊದಲ ವರ್ಷ ಬೇಡ. ಉದ್ದ ಲೆನ್ಸ್ ಕೈಗೆ ಬಂದರೆ ಹಕ್ಕಿ ಹೋಗಿ ಫೋಟೋ ಉಳಿಯುತ್ತದೆ, ಆಮೇಲೆ ವಾಟ್ಸಾಪ್ ಗುಂಪು, ಆಮೇಲೆ ಲೈಕು.

ಮೂರನೆಯದು ಜನ. ಬೆಂಗಳೂರಿನಲ್ಲಾದರೆ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ಹಕ್ಕಿ ನೋಡುವವರು ಸೇರುವ ರೂಢಿ ದಶಕಗಳಿಂದ ಇದೆ. ಕಲಿಸುವವರು ಅಲ್ಲೇ ಸಿಗುತ್ತಾರೆ. ಇಂಥ ನಡಿಗೆಯೇ ತರಗತಿ. ಸಣ್ಣ ಊರಿನಲ್ಲಾದರೆ ಕಾಲೇಜಿನ ಪ್ರಾಣಿಶಾಸ್ತ್ರದ ಉಪನ್ಯಾಸಕರನ್ನು ವಿಚಾರಿಸಿ, ಅವರ ಬಳಿ ಇಂಥ ನಾಲ್ಕು ಜನರ ನಂಬರು ಇದ್ದೇ ಇರುತ್ತದೆ. ಮೊದಲೆರಡು ಸಲ ನೀವೇ ಜೊತೆಗೆ ಹೋಗಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರ ಚೀಲದಲ್ಲಿ ಬಿಸ್ಕತ್ತು ಇರಲಿ, ಬೆಳಗಿನ ನಡಿಗೆ ತಿಂಡಿಯ ಹೊತ್ತನ್ನು ಮೀರಿಸುವುದು ಖಂಡಿತ. ಸೂರಕ್ಕಿಯ ಸಣ್ಣ ದನಿ ಕೆಲವರಿಗೆ ಕೇಳಿಸುವುದೇ ಇಲ್ಲ, ವಯಸ್ಸಾದಂತೆ ಮೊದಲು ಹೋಗುವುದು ಆ ಏರುದನಿಗಳೇ. ಅದಕ್ಕೆ ಪಕ್ಕದವರ ಕಿವಿ ಬೇಕು.

ನಿವೃತ್ತರಾಗುತ್ತಿರುವವರು ಟೀಚರಮ್ಮ ಆಗಿದ್ದರೆ ಒಂದು ತೊಡಕಿದೆ. ಶಾಲೆ ಬಿಟ್ಟಿತು ಎಂದು ಅಡುಗೆಮನೆ ಬಿಡುವುದಿಲ್ಲ. ಹಕ್ಕಿಗಳು ಚುರುಕಾಗಿರುವ ಆರರಿಂದ ಎಂಟರ ಹೊತ್ತೇ ಅವರಿಗೆ ಹಿಟ್ಟು, ಚಟ್ನಿ, ಡಬ್ಬಿಗಳ ಹೊತ್ತು. ಅವರಿಗೆ ಬೈನಾಕ್ಯುಲರ್ ಕೊಡುವವರು ಭಾನುವಾರದ ತಿಂಡಿಯ ಹೊಣೆಯನ್ನೂ ಹೊತ್ತುಕೊಳ್ಳಬೇಕು. ಉಳಿದ ದಿನಗಳಿಗೆ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗಿನ ಹೊತ್ತಿದೆ, ಬೆಳ್ಳಕ್ಕಿಗಳು ಗುಂಪು ಗುಂಪಾಗಿ ಮರಕ್ಕೆ ಮರಳುವುದು ಆಗಲೇ.

ಮಲೆನಾಡು, ಕರಾವಳಿಯವರು ಬೈನಾಕ್ಯುಲರನ್ನು ಚೀಲದಲ್ಲೇ ಮುಚ್ಚಿ ಬೀರುವಿನಲ್ಲಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿಯಬಹುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಬಿಸಿಲು ಬಂದ ದಿನ ಹೊರಗೆ ತೆಗೆದು ಬಳಸಿ. ಗಾಜಿಗೆ ಪಂಚೆಯ ತುದಿ ಮುಟ್ಟಿಸಬಾರದು, ಮೊದಲು ದೂಳು ಊದಿ ಆಮೇಲೆ ಮೆತ್ತನೆಯ ಲೆನ್ಸ್ ಬಟ್ಟೆ. ಮತ್ತು ಯಾವ ಕಾರಣಕ್ಕೂ ಅದರಲ್ಲಿ ಸೂರ್ಯನನ್ನು ನೋಡಬಾರದು.

ಇದನ್ನೆಲ್ಲ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಕೊಡಬೇಡಿ. ಮೇ ಕೊನೆಗೆ ನಿವೃತ್ತರಾಗುವವರಿಗೆ ಹಿಂದಿನ ಡಿಸೆಂಬರಿನಲ್ಲೇ ಕೊಡಿ. ಆಗ ವಲಸೆ ಹಕ್ಕಿಗಳೂ ಇರುತ್ತವೆ, ಮರಗಳಲ್ಲಿ ಎಲೆಯೂ ಕಡಿಮೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, 2013ರಿಂದ ಭಾರತದವರೂ ಸೇರಿದ್ದಾರೆ. ಅದರಲ್ಲಿ ಹದಿನೈದು ನಿಮಿಷ ಕೂತು ಮೊದಲ ಪಟ್ಟಿ ಕಳಿಸಿದವರು ಜೂನ್ 1ರ ಬೆಳಗ್ಗೆ ಅರ್ಧ ತುಂಬಿದ ಲೆಡ್ಜರಿನ ಮುಂದಿನ ಪುಟ ತೆರೆಯುತ್ತಾರೆ.