ಅರ್ಧದಾರಿಯಲ್ಲಿ ಪ್ಲಾನ್ ಬದಲಿಸಿದರೆ ಬಿಲ್ ಸರಿಯಿದೆಯೇ?

ಅಂಗಡಿಯ ಲೆಕ್ಕಪತ್ರಕ್ಕೆಂದು ಒಂದು ಸಾಫ್ಟ್‌ವೇರಿಗೆ ವಾರ್ಷಿಕ ಚಂದಾ ಕಟ್ಟಿದ್ದೀರಿ ಎನ್ನಿ. ತೆರಿಗೆ ಬಿಟ್ಟು 7,300 ರೂಪಾಯಿ. 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ. ಆಗಸ್ಟ್ 25ರಂದು 10,950 ರೂಪಾಯಿಯ ಮೇಲಿನ ಪ್ಲಾನಿಗೆ ಹೋದಿರಿ. ಈಗ ಎಷ್ಟು ಕಟ್ಟಬೇಕು?

ಮೊದಲು ದಿನ ಎಣಿಸಿ. 146 ದಿನ ಮುಗಿದಿದೆ, 219 ಉಳಿದಿದೆ. ಹಳೆಯ ಪ್ಲಾನಿಗೆ ದಿನಕ್ಕೆ 20 ರೂಪಾಯಿ. ಹಾಗಾಗಿ ಬಳಸದ 4,380 ರೂಪಾಯಿ ನಿಮಗೆ ಜಮಾ ಆಗಬೇಕು. ಹೊಸದಕ್ಕೆ ದಿನಕ್ಕೆ 30. ಉಳಿದ ದಿನಗಳಿಗೆ 6,570. ವ್ಯತ್ಯಾಸ 2,190. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 2,584 ರೂಪಾಯಿ 20 ಪೈಸೆ.

ಬಿಲ್ಲಿನಲ್ಲಿ ತೆರಿಗೆಗೆ ಮುಂಚೆ 6,570 ಎಂದಿದ್ದರೆ ಚಂದಾ ಮುಗಿಯುವ ದಿನಾಂಕ ನೋಡಿ. ಮಾರ್ಚ್ 31 ಎಂದೇ ಇದ್ದರೆ ನಿಮ್ಮ ಜಮಾ ಬಿಟ್ಟುಹೋಗಿದೆ. 2026ರ ಆಗಸ್ಟ್ 24 ಎಂದಿದ್ದರೆ ಕಂಪನಿ ಹೊಸ ವರ್ಷವನ್ನೇ ಶುರು ಮಾಡಿದೆ. 10,950ರಲ್ಲಿ 4,380 ಕಳೆದರೂ ಅದೇ 6,570 ಬರುತ್ತದೆ, ಲೆಕ್ಕ ಸರಿ.

ಮೊದಲು ರಿಯಾಯಿತಿಯಲ್ಲಿ 5,840ಕ್ಕೆ ಕೊಂಡಿದ್ದರೆ ಸಾಮಾನ್ಯವಾಗಿ ಜಮಾ ನೀವು ಕೊಟ್ಟ ಹಣದ ಮೇಲೆಯೇ: ದಿನಕ್ಕೆ 16ರಂತೆ 3,504. ಕೆಲವು ಕಂಪನಿಗಳು ಗಂಟೆ, ಸೆಕೆಂಡುಗಳವರೆಗೂ ಎಣಿಸುವುದರಿಂದ ಕೆಲವು ರೂಪಾಯಿ ಹೆಚ್ಚುಕಡಿಮೆ ಆಗಬಹುದು. ಒಂದು ದಿನದ ದರಕ್ಕಿಂತ ಹೆಚ್ಚು ಅಂತರವಿದ್ದರೆ ಹಳೆಯ ಬಿಲ್ ಲಗತ್ತಿಸಿ ಲೆಕ್ಕದ ವಿವರ ಕೇಳಿ.