ಓನರ್ ಕಾಲಂನಲ್ಲಿ ‘ಎಲ್ಲರೂ’ ಎಂದು ಬರೆದರೆ

ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ತಂಡಗಳು ಎರಡು ವಾರದ ಕಂತುಗಳಲ್ಲಿ ಕೆಲಸ ಮಾಡುತ್ತವೆ. ಆ ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಸ್ಪ್ರಿಂಟ್ ಮುಗಿದ ದಿನ ಎಲ್ಲರೂ ಕೂತು, ಏನು ಸರಿಹೋಯಿತು, ಎಲ್ಲಿ ಎಡವಿದೆವು ಎಂದು ಮಾತಾಡುವ ಸಭೆಯೇ ರೆಟ್ರೊಸ್ಪೆಕ್ಟಿವ್. ಬಾಯಿಮಾತಿನಲ್ಲಿ ಬರೀ ರೆಟ್ರೊ. ಮಾತೇನೋ ಚೆನ್ನಾಗಿಯೇ ನಡೆಯುತ್ತದೆ. ಬೋರ್ಡಿನ ಮೇಲೆ ಬಣ್ಣದ ಚೀಟಿಗಳು ತುಂಬುತ್ತವೆ, ಒಂದಿಷ್ಟು ನಗು, ಒಂದಿಷ್ಟು ಮುನಿಸು. ಸಂಜೆಯೊಳಗೆ ಎಲ್ಲರಿಗೂ ಸಾರಾಂಶದ ಮೇಲ್ ಬರುತ್ತದೆ. ಅದರ ಕೊನೆಗೆ ಮೂರು ಕಾಲಂಗಳ ಒಂದು ಪಟ್ಟಿ: ಆಕ್ಷನ್ ಐಟಂ, ಓನರ್, ಡ್ಯೂ ಡೇಟ್. ಎರಡು ವಾರ ಬಿಟ್ಟು ನೋಡಿದರೆ ಬೋರ್ಡಿನ ಮೇಲೆ ಮತ್ತೆ ಅವೇ ಚೀಟಿಗಳು. ನನ್ನ ಪ್ರಕಾರ ಕೆಲಸ ಕೆಡುವುದು ಸಭೆಯ ಮಾತಿನಲ್ಲಿ ಅಲ್ಲ, ಆ ಮೂರು ಕಾಲಂ ತುಂಬುವ ಕೊನೆಯ ಹತ್ತು ನಿಮಿಷದಲ್ಲಿ.

ಹಲವು ತಂಡಗಳಲ್ಲಿ ನಡೆಯುವುದನ್ನು ಕೂಡಿಸಿ ಒಂದು ಕಾಲ್ಪನಿಕ ತಂಡ ಕಟ್ಟೋಣ. ಬಸ್ ಟಿಕೆಟ್ ಬುಕಿಂಗ್ ಆಪ್ ಮಾಡುವ ಎಂಟು ಜನ. 2025ರ ಮಾರ್ಚ್ 14ರ ಶುಕ್ರವಾರ ಅವರ ಸ್ಪ್ರಿಂಟ್ ಮುಗಿಯಿತು ಎಂದಿಟ್ಟುಕೊಳ್ಳಿ. ಮಾರ್ಚ್ 30ಕ್ಕೆ ಯುಗಾದಿ. ಊರಿಗೆ ಹೊರಡುವವರ ನೂಕುನುಗ್ಗಲಿಗೆ ಮುಂಚೆ ಟಿಕೆಟ್ ರದ್ದು ಮಾಡಿದವರಿಗೆ ಹಣ ವಾಪಸಾಗುವ ವ್ಯವಸ್ಥೆ ಸಿದ್ಧವಾಗಬೇಕಿತ್ತು, ಆಗಲಿಲ್ಲ. ಸಾರಾಂಶದಲ್ಲಿ ಬಂದ ಸಾಲುಗಳು ಇವು: ‘ಕೋಡ್ ರಿವ್ಯೂ ಬೇಗ ಮಾಡಬೇಕು. ಓನರ್: ಎಲ್ಲರೂ. ದಿನಾಂಕ: ಮುಂದಿನ ಸ್ಪ್ರಿಂಟ್.’ ‘ಪೇಮೆಂಟ್ ಗೇಟ್‌ವೇ ಟೆಸ್ಟ್ ಸರ್ವರ್ ಸರಿಹೋಗಬೇಕು. ಓನರ್: ಗೇಟ್‌ವೇ ಕಂಪನಿ. ದಿನಾಂಕ: ಆದಷ್ಟು ಬೇಗ.’ ‘ವಿಕಿ ಪುಟಗಳನ್ನು ಅಪ್‌ಡೇಟ್ ಮಾಡಬೇಕು. ಓನರ್: ಟೀಮ್. ದಿನಾಂಕ: ಮಾರ್ಚ್ 28.’

ನೋಡಲು ಪಟ್ಟಿ ಪೂರ್ತಿಯಾಗಿದೆ, ಒಂದು ಮನೆಯೂ ಖಾಲಿ ಇಲ್ಲ. ಆದರೆ ಸೋಮವಾರ ಬೆಳಿಗ್ಗೆ ಇದನ್ನು ಓದಿ ಯಾರೂ ಏನೂ ಮಾಡುವಂತಿಲ್ಲ. ಮದುವೆ ಮನೆಯಲ್ಲಿ ‘ಯಾರಾದರೂ ಹೋಗಿ ಹಾಲು ತನ್ನಿ’ ಎಂದ ಹಾಗೆ: ಎಲ್ಲರ ಕಿವಿಗೂ ಬಿದ್ದಿರುತ್ತದೆ, ಹಾಲು ಬಂದಿರುವುದಿಲ್ಲ.

ಮೊದಲ ಸಾಲನ್ನೇ ಹಿಡಿಯೋಣ. ‘ರಿವ್ಯೂ ಬೇಗ ಮಾಡಬೇಕು’ ಎನ್ನುವುದು ಆಸೆ, ಕೆಲಸವಲ್ಲ. ಅದನ್ನು ಕೆಲಸವಾಗಿಸಲು ಮೊದಲು ಏನಾಯಿತು ಎಂದು ಎಣಿಸಿ ನೋಡಬೇಕು. ಒಬ್ಬರು ಬರೆದ ಕೋಡ್ ಮುಖ್ಯ ಕೋಡಿಗೆ ಸೇರುವ ಮುಂಚೆ ಇನ್ನೊಬ್ಬರು ಓದಿ ಒಪ್ಪಬೇಕು. ಆ ಕೋರಿಕೆಗೆ ಪುಲ್ ರಿಕ್ವೆಸ್ಟ್, ಚಿಕ್ಕದಾಗಿ ಪಿಆರ್, ಎನ್ನುತ್ತಾರೆ. ಈ ಸ್ಪ್ರಿಂಟಿನಲ್ಲಿ ಬಂದ 12 ಪಿಆರ್‌ಗಳನ್ನು ಸಭೆಯಲ್ಲೇ ತೆರೆದು ನೋಡಿದರೆ, ಎರಡು ದಿನಕ್ಕಿಂತ ಹೆಚ್ಚು ಕಾದಿದ್ದು ಐದು. ಆ ಐದೂ ಪೇಮೆಂಟ್ ಕೋಡಿಗೆ ಸೇರಿದವು, ಐದೂ ಒಬ್ಬರೇ ಹಿರಿಯರ ಒಪ್ಪಿಗೆಗೆ ಕಾದಿದ್ದವು. ಅವರನ್ನು ಶಶಿ ಎಂದು ಕರೆಯೋಣ. ಉಳಿದ ಏಳು ಅದೇ ದಿನ ಮುಗಿದಿದ್ದವು. ಅಂದರೆ ಎಂಟು ಜನರಿಗೆ ‘ಬೇಗ ಮಾಡಿ’ ಎಂದು ಹೇಳಿ ಪ್ರಯೋಜನವೇ ಇಲ್ಲ, ಏಳು ಜನ ಬೇಗ ಮಾಡುತ್ತಲೇ ಇದ್ದಾರೆ. ಪೇಮೆಂಟ್ ಕೋಡ್ ಬಲ್ಲವರು ಒಬ್ಬರೇ ಇರುವುದು ನಿಜವಾದ ತೊಡಕು.

ತೊಡಕು ಗೊತ್ತಾದ ಮೇಲೆ ಓನರ್ ಯಾರು? ಎಲ್ಲರ ಕಣ್ಣೂ ಶಶಿಯವರ ಕಡೆ ತಿರುಗುವುದು ಸಹಜ. ಆದರೆ ಈಗಾಗಲೇ ಕೆಲಸ ಮೇಲೆ ಬಿದ್ದು ಒದ್ದಾಡುತ್ತಿರುವವರಿಗೇ ಇನ್ನೊಂದು ಸಾಲು ಹೊರಿಸಿದರೆ ಅದು ಶಿಕ್ಷೆಯಂತೆ ಕಾಣುತ್ತದೆ, ಮತ್ತು ಮೊದಲು ಜಾರುವುದೂ ಅದೇ ಸಾಲು. ನಾರ್ಮನ್ ಕರ್ತ್ ಅವರು 2001ರಲ್ಲಿ ರೆಟ್ರೊಸ್ಪೆಕ್ಟಿವ್ ಕುರಿತೇ ಒಂದು ಪುಸ್ತಕ ಬರೆದಾಗ, ಅವತ್ತಿನ ತಿಳಿವಳಿಕೆ ಮತ್ತು ಸನ್ನಿವೇಶದಲ್ಲಿ ಪ್ರತಿಯೊಬ್ಬರೂ ಕೈಲಾದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಎಂದು ನಂಬಿ ಸಭೆ ಶುರುಮಾಡಬೇಕು ಎಂಬುದನ್ನು ಮೊದಲ ನಿಯಮವಾಗಿಟ್ಟರು. ಎಷ್ಟೋ ತಂಡಗಳು ಅದನ್ನು ಸಭೆಯ ಆರಂಭದಲ್ಲಿ ಓದುತ್ತವೆ, ಓನರ್ ಕಾಲಂ ತುಂಬುವಾಗ ಮರೆಯುತ್ತವೆ. ಓನರ್ ಎಂದರೆ ತಪ್ಪಿತಸ್ಥರಲ್ಲ. ಅಷ್ಟೂ ಕೆಲಸವನ್ನು ತಾವೇ ಮಾಡಬೇಕಾದವರೂ ಅಲ್ಲ. ಆ ಸಾಲು ಎಲ್ಲಿಗೆ ಬಂತು ಎಂದು ಕೇಳಿದರೆ ಉತ್ತರ ಕೊಡಬೇಕಾದ ಒಬ್ಬರು, ಅಷ್ಟೆ. ಇಬ್ಬರ ಹೆಸರು ಬರೆದರೆ ಒಬ್ಬರು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ.

ಆದ್ದರಿಂದ ಹೆಸರು ಶಶಿಯವರದಲ್ಲ, ಪೇಮೆಂಟ್ ಕೋಡ್ ಕಲಿಯಲಿರುವ ರೇಖಾ ಅವರದು. ಹೊಸ ಸಾಲು ಹೀಗಿದೆ: ‘ಶಶಿ ಜೊತೆ ಕೂತು ಎರಡು ಪೇಮೆಂಟ್ ಪಿಆರ್‌ಗಳನ್ನು ರಿವ್ಯೂ ಮಾಡುವುದು, ಆಮೇಲೆ ಪೇಮೆಂಟ್ ರೆಪೊಸಿಟರಿಯ CODEOWNERS ಫೈಲಿನಲ್ಲಿ ರೇಖಾ ಹೆಸರು ಸೇರಿಸುವುದು. ಓನರ್: ರೇಖಾ. ದಿನಾಂಕ: ಮಾರ್ಚ್ 19, ಬುಧವಾರ.’ ಗಿಟ್‌ಹಬ್‌ನಲ್ಲಿ ಈ ಫೈಲ್, ಯಾವ ಕೋಡಿಗೆ ಯಾರ ಒಪ್ಪಿಗೆ ಬೇಕು ಎಂದು ಹೇಳುತ್ತದೆ. ಇಬ್ಬರ ಹೆಸರಿದ್ದರೆ ಒಬ್ಬರು ಒಪ್ಪಿದರೂ ಸಾಕು. ಆಗಬೇಕಾದ ಬದಲಾವಣೆ ಇಷ್ಟೇ:

```
# ಮೊದಲು
*   @shashi
# ಆಮೇಲೆ
*   @shashi @rekha
```

ಈ ಸಾಲು ಮುಗಿಯಿತೋ ಇಲ್ಲವೋ ಎಂದು ಚರ್ಚೆ ಮಾಡಬೇಕಾಗಿಲ್ಲ. ಫೈಲ್ ತೆರೆದರೆ ಹೆಸರು ಇರುತ್ತದೆ, ಇಲ್ಲವೇ ಇರುವುದಿಲ್ಲ.

ದಿನಾಂಕವನ್ನು 19 ಎಂದೇ ಇಟ್ಟಿದ್ದಕ್ಕೂ ಕಾರಣವಿದೆ. ದಿನಾಂಕ ಕೇಳಿದ ತಕ್ಷಣ ಬಾಯಿಗೆ ಬರುವುದು ಸ್ಪ್ರಿಂಟಿನ ಕೊನೆಯ ದಿನ, ಇಲ್ಲಿ ಮಾರ್ಚ್ 28. ಅವತ್ತು ಯುಗಾದಿಗೆ ಮುಂಚಿನ ಶುಕ್ರವಾರ. ಅರ್ಧ ತಂಡ ಊರಿನ ಬಸ್ ಹಿಡಿಯಲು ನಿಂತಿರುತ್ತದೆ, ಉಳಿದರ್ಧ ಆ ಬಸ್ಸುಗಳ ಬುಕಿಂಗ್ ಕುಸಿಯದಂತೆ ಕಾಯುತ್ತಿರುತ್ತದೆ. ಹಬ್ಬ ಬಿಡಿ, ಸಾಮಾನ್ಯ ಸ್ಪ್ರಿಂಟಿನಲ್ಲೂ ಕೊನೆಯ ದಿನ ಮುಗಿದ ಸುಧಾರಣೆ ಆ ಸ್ಪ್ರಿಂಟಿಗೆ ಏನೂ ಉಪಕಾರ ಮಾಡುವುದಿಲ್ಲ. ಅದರಿಂದ ಲಾಭವಾಯಿತೇ ಎಂದು ಮುಂದಿನ ರೆಟ್ರೊದಲ್ಲಿ ಹೇಳಲೂ ಆಗುವುದಿಲ್ಲ. ಮೊದಲ ವಾರದೊಳಗೆ ಮುಗಿದರೆ ಎರಡನೇ ವಾರ ಅದನ್ನು ಬಳಸಿ ನೋಡಬಹುದು.

ಜೊತೆಗೆ ಇದಕ್ಕೆ ಸಮಯವೂ ಬೇಕಲ್ಲ. ಇಬ್ಬರೂ ಸೇರಿ ನಾಲ್ಕು ಗಂಟೆ ಎಂದಾದರೆ, ಆ ನಾಲ್ಕು ಗಂಟೆ ಸ್ಪ್ರಿಂಟಿನ ಕೆಲಸಪಟ್ಟಿಯಲ್ಲಿ ಉಳಿದ ಟಿಕೆಟ್‌ಗಳ ಪಕ್ಕದಲ್ಲೇ ಕಾಣಬೇಕು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲೆಂಡ್ ಬರೆದ ಸ್ಕ್ರಮ್ ಗೈಡ್ 2017ರ ಆವೃತ್ತಿಯಲ್ಲಿ ಇದನ್ನು ಖಂಡಿತವಾಗಿಯೇ ಹೇಳಿತ್ತು: ಹಿಂದಿನ ರೆಟ್ರೊದಿಂದ ಬಂದ ಒಂದಾದರೂ ಮುಖ್ಯ ಸುಧಾರಣೆ ಸ್ಪ್ರಿಂಟ್ ಬ್ಯಾಕ್‌ಲಾಗ್‌ನಲ್ಲಿ ಇರಬೇಕು. 2020ರ ಆವೃತ್ತಿ ಇದನ್ನು ಸಡಿಲಿಸಿ, ಸೇರಿಸಲೂಬಹುದು ಎಂದಿತು. ನನಗೆ ಹಳೆಯದೇ ವಾಸಿ ಎನಿಸುತ್ತದೆ. ಮೇಲ್‌ನಲ್ಲಿ ಮಾತ್ರ ಉಳಿದ ಸಾಲನ್ನು ಯಾರೂ ಬೆಳಗಿನ ಸ್ಟ್ಯಾಂಡಪ್‌ನಲ್ಲಿ ವಿಚಾರಿಸುವುದಿಲ್ಲ.

ಇಷ್ಟಾದರೂ ಸಾಲು ಜಾರಬಹುದು. ನಮ್ಮ ತಂಡದಲ್ಲಿ ಜಾರಿತು ಕೂಡ. ರೇಖಾ ಹೆಸರು ಸೇರಿಸಿದರು, ಆದರೆ ಗಿಟ್‌ಹಬ್ ಫೈಲಿನ ಮೇಲೆ ಎಚ್ಚರಿಕೆ ತೋರಿಸಿತು. ಕೋಡ್ ಓನರ್ ಆಗುವವರಿಗೆ ಆ ರೆಪೊಸಿಟರಿಯಲ್ಲಿ ಬರೆಯುವ ಹಕ್ಕು ಇರಲೇಬೇಕು. ಹಣದ ವ್ಯವಹಾರದ ಕೋಡಾದ್ದರಿಂದ ಆ ಹಕ್ಕು ಕೆಲವರಿಗಷ್ಟೇ ಇತ್ತು, ಕೊಡುವುದು ಬೇರೆ ವಿಭಾಗ. 19ರ ಸ್ಟ್ಯಾಂಡಪ್‌ನಲ್ಲಿ ರೇಖಾ, ‘ನಂಗೆ ಪರ್ಮಿಷನ್ ಇಲ್ಲ, ನಿನ್ನೆನೇ ಟಿಕೆಟ್ ಹಾಕಿದ್ದೀನಿ, ಶುಕ್ರವಾರ ಕೊಡ್ತಾರಂತೆ’ ಎಂದರು. ಸಾಲಿನ ಮುಂದೆ 19 ಅಳಿಸಿ 21 ಎಂದು ಬರೆಯಲಾಯಿತು, ಕಾರಣದ ಸಮೇತ. ಎರಡು ದಿನ ತಡವಾದರೂ ಬಳಸಿ ನೋಡಲು ಪೂರ್ತಿ ಒಂದು ವಾರ ಉಳಿದಿತ್ತು. ದಿನಾಂಕ 28 ಎಂದಿದ್ದರೆ ಈ ಪರ್ಮಿಷನ್ ವಿಷಯ ಹೊರಬರುತ್ತಿದ್ದದ್ದು ಬಹುಶಃ 27ರ ಸಂಜೆ.

ಎರಡನೇ ಸಾಲಿನ ತೊಂದರೆ ಬೇರೆ ಬಗೆಯದು. ಗೇಟ್‌ವೇ ಕಂಪನಿಯ ಟೆಸ್ಟ್ ಸರ್ವರ್ ಮಾರ್ಚ್ 11 ಮತ್ತು 12ರಂದು ಬಿದ್ದಿದ್ದು ನಿಜ, ಆದರೆ ಅದನ್ನು ಸರಿಮಾಡುವುದು ಈ ಎಂಟು ಜನರ ಕೈಯಲ್ಲಿಲ್ಲ. ಸಭೆಗೆ ಬಾರದವರ ಹೆಸರನ್ನು ಓನರ್ ಕಾಲಂನಲ್ಲಿ ಬರೆಯುವುದು ಕಾಗದದ ಮೇಲೆ ಮಾತ್ರ ನಡೆಯುವ ಏರ್ಪಾಟು. ಹೊರಗಿನವರ ಮೇಲೆ ನಿಂತ ಕೆಲಸವನ್ನು ನಮ್ಮವರು ಮಾಡಬಲ್ಲಷ್ಟಕ್ಕೆ ಕತ್ತರಿಸಬೇಕು. ಪ್ರಾಡಕ್ಟ್ ಓನರ್ ವಿನಯ್ ಅವರ ಹೆಸರಿಗೆ ಹೀಗೆ ಬಂತು: ‘ಎರಡೂ ದಿನ ಸರ್ವರ್ ಬಿದ್ದ ವೇಳೆಯನ್ನು ಲಾಗ್ ಸಮೇತ ಕಂಪನಿಗೆ ಕಳಿಸಿ, ಮುನ್ಸೂಚನೆ ಕೊಡಲು ಸಾಧ್ಯವೇ ಎಂದು ಕೇಳಿ ಲಿಖಿತ ಉತ್ತರ ತರುವುದು. ಮಾರ್ಚ್ 21.’ ವಿನಯ್ ಕೊಡಬೇಕಾದದ್ದು ಸರ್ವರ್ ಅಲ್ಲ, ಉತ್ತರ. 20ಕ್ಕೆ ಬಂದ ಉತ್ತರ ಹಿತವಾಗಿರಲಿಲ್ಲ: ಟೆಸ್ಟ್ ಸರ್ವರಿಗೆ ಯಾವ ಖಾತರಿಯನ್ನೂ ಕೊಡಲಾಗದು. ಸರ್ವರ್ ಸರಿಹೋಗಲಿಲ್ಲವಲ್ಲ, ಸಾಲು ಹೇಗೆ ಮುಗಿಯಿತು ಎಂದು ಕೇಳುವವರಿದ್ದಾರೆ. ಮುಗಿಯಿತು. ಇನ್ನು ಆ ಕಂಪನಿಯನ್ನು ನೆಚ್ಚಿಕೊಂಡು ಯೋಜನೆ ಹಾಕಬಾರದು ಎಂದು ತಂಡಕ್ಕೆ ಗೊತ್ತಾಯಿತು.

ಮೂರನೆಯದು, ವಿಕಿ. ಇದು ಸತತ ಮೂರನೇ ಪಟ್ಟಿಯಲ್ಲಿ ಬಂದಿತ್ತು. ಸ್ಕ್ರಮ್ ಮಾಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: ‘ಈ ಎರಡು ವಾರದಲ್ಲಿ ಯಾವ ಪುಟ ನೋಡಿ ಯಾರು ದಾರಿ ತಪ್ಪಿದ್ರಿ?’ ಯಾರಿಗೂ ನೆನಪಾಗಲಿಲ್ಲ. ಸಾಲನ್ನು ಹೊಡೆದುಹಾಕಲಾಯಿತು. ಕಂತಿಗೆ ಎರಡು ಸಾಲಿಗಿಂತ ಹೆಚ್ಚು ಹೊರಲು ಈ ಗಾತ್ರದ ತಂಡಕ್ಕೆ ಆಗುವುದಿಲ್ಲ. ಮೂರನೆಯದು ಮಾಡದೆ ಉಳಿದು ಎಲ್ಲರಿಗೂ ಅಪರಾಧಿ ಭಾವ ಕೊಡುವುದಕ್ಕಷ್ಟೇ ಆಗುತ್ತದೆ.

28ರ ಬೆಳಿಗ್ಗೆ ನಡೆದ ರೆಟ್ರೊ ಹೊಸ ಚೀಟಿಗಳಿಂದಲ್ಲ, ಹಳೆಯ ಎರಡು ಸಾಲುಗಳಿಂದ ಶುರುವಾಯಿತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಕೆಲಸ ಆಯಿತೇ ಎನ್ನುವುದು ಒಂದು, ಆದದ್ದರಿಂದ ಪ್ರಯೋಜನವಾಯಿತೇ ಎನ್ನುವುದು ಇನ್ನೊಂದು. ಹೆಸರು ಸೇರಿತು ಎಂದು ಟಿಕ್ ಹಾಕಿ ಮುಂದೆ ಹೋದರೆ, ಹೆಸರಿದ್ದೂ ಎಲ್ಲರೂ ಅಭ್ಯಾಸಬಲದಿಂದ ಶಶಿಯವರನ್ನೇ ಕಾಯುತ್ತಿದ್ದರೆ ಅದು ತಿಳಿಯುವುದೇ ಇಲ್ಲ. ಎಣಿಸಿ ನೋಡಿದರೆ ಎರಡನೇ ವಾರದ ಆರು ಪೇಮೆಂಟ್ ಪಿಆರ್‌ಗಳಲ್ಲಿ ಎರಡನ್ನು ರೇಖಾ ಒಪ್ಪಿದ್ದರು, ಯಾವುದೂ ಒಂದು ದಿನಕ್ಕಿಂತ ಹೆಚ್ಚು ಕಾದಿರಲಿಲ್ಲ. ಒಂದೇ ವಾರದ ಲೆಕ್ಕವಾದ್ದರಿಂದ ಮುಂದಿನ ರೆಟ್ರೊದಲ್ಲೂ ಇನ್ನೊಮ್ಮೆ ಎಣಿಸುವುದು ಎಂದಾಯಿತು.

ಗೇಟ್‌ವೇ ಉತ್ತರದಿಂದ ಹೊಸ ಸಾಲೊಂದು ಹುಟ್ಟಿತು: ಆ ಟೆಸ್ಟ್ ಸರ್ವರಿನ ಬದಲು ತಮ್ಮದೇ ಒಂದು ನಕಲಿ ಸರ್ವರ್. ಅದು ಮೂರು ಬಗೆಯ ಉತ್ತರ ಕೊಟ್ಟರೆ ಸಾಕು: ಹಣ ವಾಪಸಾಯಿತು, ಆಗಲಿಲ್ಲ, ಮತ್ತು ಏನೂ ಹೇಳದೆ ಸುಮ್ಮನಿರುವುದು. ಮೂರನೆಯದೇ ಮುಖ್ಯ, ಗಿರಾಕಿಗೆ ಎರಡು ಸಲ ಹಣ ಹೋಗುವ ಅಪಾಯ ಅಲ್ಲೇ ಇರುವುದು. ಸೋಮವಾರ ಈದ್ ರಜೆ, ಹಾಗಾಗಿ ದಿನಾಂಕ ಏಪ್ರಿಲ್ 4. ಯಾರು ತೆಗೆದುಕೊಳ್ಳುತ್ತೀರಿ ಎಂದಾಗ ರೇಖಾ ಮತ್ತೆ ಕೈಯೆತ್ತಿದರು. ಸ್ಕ್ರಮ್ ಮಾಸ್ಟರ್ ಒಪ್ಪಲಿಲ್ಲ. ಇಲ್ಲವೆನ್ನಲು ಬಾರದ ಒಬ್ಬರ ಹೆಸರು ಪ್ರತಿ ಪಟ್ಟಿಯಲ್ಲೂ ಬರತೊಡಗಿದರೆ ಕ್ರಮೇಣ ಅವರೇ ಇನ್ನೊಬ್ಬ ಶಶಿ ಆಗುತ್ತಾರೆ. ಸರ್ವರ್ ಬಿದ್ದ ಎರಡೂ ದಿನ ಕೈಕಟ್ಟಿ ಕೂತಿದ್ದವರು ತಂಡದ ಟೆಸ್ಟರ್, ನಕಲಿ ಸರ್ವರ್ ಯಾವ ಯಾವ ಉತ್ತರ ಕೊಡಬೇಕೆಂದು ಚೆನ್ನಾಗಿ ಬಲ್ಲವರೂ ಅವರೇ. ಕೋಡ್ ಬರೆಯುವುದು ಬೇರೆಯವರಾದರೂ ಓನರ್ ಕಾಲಂಗೆ ಅವರ ಹೆಸರು ಹೋಯಿತು.