ಸಹೋದ್ಯೋಗಿಯ ಲೋಪವನ್ನು ವರದಿ ಮಾಡುವ ಬಗೆ: ಕರ ರಸೀದಿಯ ಒಂದು ಪ್ರಸಂಗ

ಗ್ರಾಮ ಪಂಚಾಯಿತಿಯಲ್ಲಿ ಹಣದ ಲೋಪವು ಮೊದಲು ಕಣ್ಣಿಗೆ ಬೀಳುವುದು ಲೆಕ್ಕ ತಪಾಸಣೆಯಲ್ಲಿ ಅಲ್ಲ, ಬಹುಪಾಲು ವಾರ್ಡಿನ ಸದಸ್ಯರ ಮುಂದೆಯೇ. ಮನೆಯ ಮಾಲೀಕರು ರಸೀದಿಯನ್ನು ಕೈಯಲ್ಲಿ ಹಿಡಿದು, "ಕಂದಾಯ ಕಟ್ಟಿದ್ದೇನೆ, ಆದರೂ ಬಾಕಿ ತೋರಿಸುತ್ತಿದ್ದಾರೆ" ಎಂದು ಸದಸ್ಯರ ಬಳಿಗೆ ಬರುತ್ತಾರೆ. ಆ ಕ್ಷಣದಿಂದ ಮೇಲಧಿಕಾರಿಗೆ ಪತ್ರ ತಲುಪುವವರೆಗೆ ಸದಸ್ಯರು ಏನು ಮಾಡುತ್ತಾರೆ, ಏನನ್ನು ಮಾಡದೆ ಬಿಡುತ್ತಾರೆ ಎಂಬುದರ ಮೇಲೆಯೇ ವಿಚಾರಣೆಯ ಫಲ ನಿಂತಿರುತ್ತದೆ. ಒಂದು ಕಡೆ ಬಡ ಕುಟುಂಬವೊಂದು ಎರಡನೆಯ ಬಾರಿ ಕರ ಕಟ್ಟಬೇಕಾದ ಸಂಕಟ. ಇನ್ನೊಂದು ಕಡೆ ತಪ್ಪು ಮಾಡಿರದ ನೌಕರನೊಬ್ಬನ ಜೀವನೋಪಾಯ. ಈ ಎರಡನ್ನೂ ಕಾಪಾಡುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಪ್ರಸಂಗ

ಒಂದು ವಾರ್ಡಿನ ಇಬ್ಬರು ಮಾಲೀಕರು ಸದಸ್ಯರಿಗೆ ಕೈಬರಹದ ರಸೀದಿಗಳನ್ನು ತೋರಿಸುತ್ತಾರೆ. ಎರಡೂ 14ನೆಯ ರಸೀದಿ ಪುಸ್ತಕದವು, ಕ್ರಮಸಂಖ್ಯೆ 37 ಮತ್ತು 38, ದಿನಾಂಕ 12-06-2025, ಮೊತ್ತ ರೂ. 1,840 ಮತ್ತು ರೂ. 2,260. ಎರಡರಲ್ಲಿಯೂ ಕರ ವಸೂಲಿಗಾರರ ಸಹಿ ಇದೆ. ಮೂರನೆಯ ಮಾಲೀಕರು ತಾವೂ ರೂ. 1,500 ಕೊಟ್ಟಿರುವುದಾಗಿ ಹೇಳುತ್ತಾರೆ, ಆದರೆ ಅವರ ಬಳಿ ರಸೀದಿ ಇಲ್ಲ. ಆಗಸ್ಟ್ 20ರಂದು ಸದಸ್ಯರು ಕಚೇರಿಗೆ ಹೋಗಿ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ನೋಡಿದಾಗ ಮೂರೂ ಸ್ವತ್ತುಗಳಿಗೆ 2025-26ನೇ ಸಾಲಿನ ಬಾಕಿ ಪೂರ್ಣವಾಗಿಯೇ ಇದೆ.

ಇಲ್ಲಿ ತಿಳಿದಿರುವುದೆಷ್ಟು? ಎರಡು ರಸೀದಿಗಳ ಮೊತ್ತವು ವಹಿಗೆ ಬಂದಿಲ್ಲವೆಂಬುದು ಮಾತ್ರ. ಹಣ ದುರುಪಯೋಗವಾಗಿದೆ ಎಂಬುದು ಇನ್ನೂ ತಿಳಿದಿಲ್ಲ. ಮೊತ್ತವು ಪಕ್ಕದ ಸ್ವತ್ತಿನ ಸಂಖ್ಯೆಗೆ ತಪ್ಪಾಗಿ ಜಮೆಯಾಗಿರಬಹುದು. ಹಣ ಬ್ಯಾಂಕಿಗೆ ಸಂದಾಯವಾಗಿದ್ದು, ಪಂಚತಂತ್ರ ತಂತ್ರಾಂಶದಲ್ಲಿ ನಮೂದು ಮಾತ್ರ ಉಳಿದಿರಬಹುದು. ಹಿಂದಿನ ವರ್ಷದ ಬಾಕಿಗೆ ಹೊಂದಿಸಿರಬಹುದು. ಇವಾವುವೂ ಅಲ್ಲದೆ ಹಣ ಕೈಯಲ್ಲಿಯೇ ಉಳಿದಿರಲೂಬಹುದು. ಈ ನಾಲ್ಕರಲ್ಲಿ ಯಾವುದು ನಿಜವೆಂಬುದನ್ನು ರಸೀದಿ ಪುಸ್ತಕದ ಅಡಿಪ್ರತಿ, ನಗದು ವಹಿ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಹೇಳಲು ಸಾಧ್ಯ. ಅದು ವಿಚಾರಣಾಧಿಕಾರಿಯ ಕೆಲಸ. ಆ ಕೆಲಸ ಆರಂಭವಾಗಲು ಬೇಕಾದಷ್ಟು ನಿಖರ ಸಂಗತಿಯನ್ನು ಒದಗಿಸುವುದು ಸದಸ್ಯರ ಕೆಲಸ.

ಮೊದಲು ಮಾಡಬೇಕಾದದ್ದು

ರಸೀದಿಗಳ ನೆರಳಚ್ಚು ಪ್ರತಿ ಪಡೆದು, ಮೂಲವನ್ನು ಮಾಲೀಕರಿಗೇ ಹಿಂದಿರುಗಿಸಬೇಕು. ತಾವು ಹಣ ಕಟ್ಟಿದ್ದೇವೆಂಬುದಕ್ಕೆ ಅವರ ಬಳಿ ಇರುವ ಪುರಾವೆ ಅದೊಂದೇ. ಅದು ಸದಸ್ಯರ ಕೈಯಲ್ಲಿ ಕಳೆದುಹೋದರೆ ನಷ್ಟ ಅವರದು. ವಹಿಯಲ್ಲಿ ಕಂಡದ್ದನ್ನು ಪುಟಸಂಖ್ಯೆ, ನೋಡಿದ ದಿನಾಂಕ ಮತ್ತು ಸಮಯದೊಂದಿಗೆ ಅಂದೇ ಬರೆದಿಡಬೇಕು. ವಾರ ಕಳೆದ ಮೇಲೆ ನೆನಪಿನಿಂದ ಬರೆದದ್ದು ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ಕರ ವಸೂಲಿಗಾರರನ್ನು ಕರೆದು ಕೇಳಿಬಿಡೋಣ ಎಂಬ ಯೋಚನೆ ಸಹಜವಾದುದು. ಆದರೂ ಅದನ್ನು ತಡೆಹಿಡಿಯುವುದು ಲೇಸು. ಅವರು ತಪ್ಪಿತಸ್ಥರಾಗಿದ್ದರೆ ಅಡಿಪ್ರತಿಯನ್ನು ತಿದ್ದಲು ಅಥವಾ ಹಣವನ್ನು ಹಿಂದಿನ ದಿನಾಂಕಕ್ಕೆ ಹೊಂದಿಸಲು ಅವಕಾಶ ದೊರೆಯುತ್ತದೆ. ನಿರ್ದೋಷಿಯಾಗಿದ್ದರೆ, ಅವಸರದಲ್ಲಿ ತಾವೇ ಮಾಡಿದ ತಿದ್ದುಪಡಿಯೇ ಅವರ ಮೇಲಿನ ಸಂಶಯಕ್ಕೆ ಕಾರಣವಾಗುತ್ತದೆ. ದಾಖಲೆಗಳನ್ನು ವಶಕ್ಕೆ ಪಡೆಯುವ ಅಧಿಕಾರ ಇರುವವರು ಕೇಳುವವರೆಗೆ ಮೌನವಾಗಿರುವುದು ಇಬ್ಬರಿಗೂ ರಕ್ಷಣೆ.

ಯಾರಿಗೆ ಬರೆಯಬೇಕು

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಪಾತ್ರದ ಬಗ್ಗೆ ಸಂಶಯವಿಲ್ಲದಿದ್ದಲ್ಲಿ ಪತ್ರವನ್ನು ಅವರಿಗೇ ಕೊಡಬಹುದು. ಅವರ ಮೇಲ್ವಿಚಾರಣೆಯಲ್ಲಿರುವ ವಹಿಗಳ ವಿಷಯವೇ ಆಗಿದ್ದಲ್ಲಿ, ಅಥವಾ ತಿಳಿಸಿದರೂ ಕ್ರಮವಾಗದಿದ್ದಲ್ಲಿ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅವರ ನಂತರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಬೇಕು. ಲೋಪ ಸಹ ಸದಸ್ಯರದಾಗಿದ್ದರೂ ದಾರಿ ಇದೇ. ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ ತೋರಿದ ಸದಸ್ಯರನ್ನು, ವಿಚಾರಣೆ ನಡೆಸಿ ಅವರ ಅಹವಾಲನ್ನು ಕೇಳಿದ ಬಳಿಕ ತೆಗೆದುಹಾಕುವ ಅಧಿಕಾರವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 43ಎ ಪ್ರಕರಣದಂತೆ ಸರ್ಕಾರಕ್ಕಿದೆ.

ಲೋಕಾಯುಕ್ತಕ್ಕೆ ಹೋಗುವ ಮಾರ್ಗವೂ ತೆರೆದಿರುತ್ತದೆ. ಅಲ್ಲಿ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬೇಕು. ತಿಳಿದೂ ತಿಳಿದೂ ಸುಳ್ಳು ದೂರು ನೀಡುವುದು 1984ರ ಲೋಕಾಯುಕ್ತ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧವಾಗಿದೆ. ಆದುದರಿಂದ ಪ್ರಮಾಣ ಮಾಡಿ ಹೇಳಬಲ್ಲ ಸಂಗತಿಗಳಷ್ಟನ್ನೇ ಅಲ್ಲಿ ಬರೆಯತಕ್ಕದ್ದು.

ಪತ್ರದ ಭಾಷೆ

ಪತ್ರದಲ್ಲಿ ಮೂರು ಬಗೆಯ ಮಾತುಗಳನ್ನು ಬೇರೆಬೇರೆಯಾಗಿ ಇಡಬೇಕು: ಸ್ವತಃ ನೋಡಿದ್ದು, ಇತರರು ಹೇಳಿದ್ದು, ತಮಗೆ ತಿಳಿಯದೇ ಇರುವುದು. ಮೇಲಿನ ಪ್ರಸಂಗದಲ್ಲಿ ಪತ್ರದ ಒಡಲು ಹೀಗಿರಬಹುದು:

"ದಿನಾಂಕ 12-06-2025ರ, 14ನೇ ಪುಸ್ತಕದ 37 ಮತ್ತು 38ನೇ ಕ್ರಮಸಂಖ್ಯೆಯ ರಸೀದಿಗಳನ್ನು ದಿನಾಂಕ 19-08-2025ರಂದು ನೋಡಿರುತ್ತೇನೆ. ಮೊತ್ತ ಕ್ರಮವಾಗಿ ರೂ. 1,840 ಮತ್ತು ರೂ. 2,260. ಪ್ರತಿಗಳನ್ನು ಲಗತ್ತಿಸಿದೆ. ದಿನಾಂಕ 20-08-2025ರಂದು ಬೆಳಿಗ್ಗೆ 11 ಗಂಟೆಗೆ ಕಚೇರಿಯಲ್ಲಿ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ಪರಿಶೀಲಿಸಿದಾಗ ಈ ಮೊತ್ತಗಳು ಸಂಬಂಧಿತ ಸ್ವತ್ತುಗಳಿಗೆ ಜಮೆಯಾಗಿರುವುದು ಕಂಡುಬರಲಿಲ್ಲ. ಇನ್ನೊಬ್ಬ ಮಾಲೀಕರು ರೂ. 1,500 ಪಾವತಿಸಿರುವುದಾಗಿ ಮೌಖಿಕವಾಗಿ ತಿಳಿಸಿದ್ದು, ಅವರ ಬಳಿ ರಸೀದಿ ಇರುವುದಿಲ್ಲ. ಸದರಿ ಮೊತ್ತಗಳು ಬೇರೆ ಸ್ವತ್ತಿಗೆ ಜಮೆಯಾಗಿವೆಯೇ, ಬ್ಯಾಂಕಿಗೆ ಸಂದಾಯವಾಗಿವೆಯೇ ಎಂಬುದು ನನಗೆ ತಿಳಿದಿರುವುದಿಲ್ಲ. ಅಡಿಪ್ರತಿ, ನಗದು ವಹಿ ಮತ್ತು ಬ್ಯಾಂಕ್ ವಿವರಗಳೊಂದಿಗೆ ತಾಳೆ ನೋಡಲು ಕೋರುತ್ತೇನೆ."

ಈ ಪತ್ರದಲ್ಲಿ "ನುಂಗಿದ್ದಾರೆ", "ವರ್ಷಗಳಿಂದ ಹೀಗೇ ನಡೆದಿದೆ", "ಊರಿಗೆಲ್ಲ ಗೊತ್ತು" ಎಂಬ ಮಾತುಗಳಿಲ್ಲ. ಅಂತಹ ಮಾತುಗಳು ತನಿಖೆಗೆ ಏನನ್ನೂ ಕೂಡಿಸುವುದಿಲ್ಲ. ಬರೆದವರಿಗೆ ದ್ವೇಷವಿದೆ ಎಂದು ವಾದಿಸಲು ಎದುರಿನವರಿಗೆ ದಾರಿ ಮಾಡಿಕೊಡುತ್ತವೆ. ಪತ್ರ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ನಾಳೆ ಹಣವು ತಪ್ಪಾಗಿ ಬೇರೆ ಸ್ವತ್ತಿಗೆ ಜಮೆಯಾಗಿದ್ದುದು ಪತ್ತೆಯಾದರೂ ಪತ್ರದ ಒಂದು ವಾಕ್ಯವೂ ಸುಳ್ಳಾಗಬಾರದು. ಮೇಲಿನ ಒಕ್ಕಣೆ ಆ ಪರೀಕ್ಷೆಯಲ್ಲಿ ಉಳಿಯುತ್ತದೆ.

ಬರೆಯುವವರಿಗೂ ಆ ನೌಕರನಿಗೂ ಬಂಧುತ್ವ, ಜಮೀನಿನ ವ್ಯಾಜ್ಯ ಅಥವಾ ಚುನಾವಣೆಯ ವೈಮನಸ್ಯವಿದ್ದಲ್ಲಿ ಅದನ್ನು ಒಂದು ಸಾಲಿನಲ್ಲಿ ತಾವೇ ನಮೂದಿಸುವುದು ಒಳಿತು. ಮುಚ್ಚಿಟ್ಟು ಮುಂದೆ ಹೊರಬಂದರೆ ಇಡೀ ದೂರಿನ ಬಲ ಕುಗ್ಗುತ್ತದೆ.

ಗೌಪ್ಯತೆ ಎಲ್ಲಿ ಸೋರುತ್ತದೆ

ಗೌಪ್ಯತೆ ಎಂದರೆ ಹೆಸರಿಲ್ಲದ ಅರ್ಜಿ ಎಂದಲ್ಲ. ಅನಾಮಧೇಯ ಅರ್ಜಿಗೆ ಸಾಮಾನ್ಯವಾಗಿ ಕ್ರಮವಾಗುವುದಿಲ್ಲ. ಹೆಚ್ಚಿನ ವಿವರ ಬೇಕಾದಾಗ ಕೇಳಲು ಯಾರೂ ಇರುವುದಿಲ್ಲ. ಹೆಸರು, ಸಹಿಯೊಂದಿಗೆ ಬರೆದು, ಹೆಸರನ್ನು ಗೌಪ್ಯವಾಗಿಡಲು ಪತ್ರದಲ್ಲಿಯೇ ಕೋರಬೇಕು.

ಹೆಸರು ಸೋರುವುದು ಬಹುಪಾಲು ಟಪಾಲು ವಿಭಾಗದಲ್ಲಿ. ಅಲ್ಲಿ ಲಕೋಟೆ ತೆರೆದು ಸ್ವೀಕೃತಿ ವಹಿಯಲ್ಲಿ ವಿಷಯ ನಮೂದಿಸಿದ ಮೇಲೆ ಅದು ಹಲವರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಪತ್ರವನ್ನು ಒಳಲಕೋಟೆಯಲ್ಲಿಟ್ಟು, ಮುಚ್ಚಿ, ಅದರ ಮೇಲೆ "ಗೌಪ್ಯ: ಅಧಿಕಾರಿಯವರೇ ಖುದ್ದಾಗಿ ತೆರೆಯತಕ್ಕದ್ದು" ಎಂದು ಬರೆದು, ಹೊರಲಕೋಟೆಯಲ್ಲಿ ಅಧಿಕಾರಿಯ ಪದನಾಮಕ್ಕೆ ಕಳುಹಿಸಬೇಕು, ಸಾಧ್ಯವಾದಲ್ಲಿ ಖುದ್ದಾಗಿ ಕೈಗೇ ಕೊಡಬೇಕು. ಸ್ವೀಕೃತಿ ಪಡೆಯುವಾಗ ಮುಚ್ಚಿದ ಲಕೋಟೆ ತಲುಪಿದ್ದಕ್ಕೆ ಮಾತ್ರ ಪಡೆದರೆ ಸಾಕು.

ಮಾಹಿತಿ ಹಕ್ಕಿನಡಿ ದೂರಿನ ಪ್ರತಿ ಕೇಳಿದರೆ ಹೆಸರು ಹೊರಬರುವುದೇ ಎಂಬ ಆತಂಕ ಹಲವರಿಗಿದೆ. ಕಾನೂನು ಜಾರಿಯ ಉದ್ದೇಶಕ್ಕಾಗಿ ವಿಶ್ವಾಸದಿಂದ ಮಾಹಿತಿ ನೀಡಿದವರ ಗುರುತು ಬಯಲಾಗುವಂತಹ ಮಾಹಿತಿಗೆ 2005ರ ಅಧಿನಿಯಮದ 8(1)(ಜಿ) ಪ್ರಕರಣದಲ್ಲಿಯೂ, ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ 8(1)(ಎಚ್) ಪ್ರಕರಣದಲ್ಲಿಯೂ ವಿನಾಯಿತಿ ಇದೆ. ಆದರೆ ಇದಕ್ಕೊಂದು ಮಿತಿಯೂ ಇದೆ. ಇಲಾಖಾ ವಿಚಾರಣೆಯಲ್ಲಿ ಆರೋಪಿತ ನೌಕರನಿಗೆ ದಾಖಲೆಗಳನ್ನೂ ಸಾಕ್ಷಿಗಳ ಪಟ್ಟಿಯನ್ನೂ ಕೊಡಬೇಕಾಗುತ್ತದೆ. ಸದಸ್ಯರ ಹೇಳಿಕೆಯೇ ಮುಖ್ಯ ಸಾಕ್ಷ್ಯವಾದರೆ ಹೆಸರು ತಿಳಿಯದೇ ಇರದು. ರಸೀದಿ, ವಹಿ, ಬ್ಯಾಂಕ್ ವಿವರಗಳೇ ಪ್ರಕರಣವನ್ನು ಹೊರುವಂತಿದ್ದರೆ ಸದಸ್ಯರು ಸಾಕ್ಷಿಯಾಗಬೇಕಾದ ಪ್ರಮೇಯ ಕಡಿಮೆ. ಪತ್ರದಲ್ಲಿ ಕ್ರಮಸಂಖ್ಯೆ, ದಿನಾಂಕಗಳಿಗೆ ಇಷ್ಟು ಒತ್ತು ನೀಡಿರುವುದಕ್ಕೆ ಇದೂ ಒಂದು ಕಾರಣ.

ವಾಟ್ಸ್ಆ್ಯಪ್ ಗುಂಪು ಮತ್ತು ಸಾಮಾನ್ಯ ಸಭೆ

ಭಾರತೀಯ ನ್ಯಾಯ ಸಂಹಿತೆ, 2023ರ 356ನೇ ಪ್ರಕರಣವು ಮಾನಹಾನಿಗೆ ಸಂಬಂಧಿಸಿದ್ದು. ವಿಷಯದ ಮೇಲೆ ಕಾನೂನುಬದ್ಧ ಅಧಿಕಾರವುಳ್ಳವರಿಗೆ ಸದ್ಭಾವನೆಯಿಂದ ದೂರು ನೀಡುವುದು ಅದರ ವಿನಾಯಿತಿಗಳಲ್ಲಿ ಒಂದು. ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದ ಪತ್ರಕ್ಕೆ ಈ ರಕ್ಷಣೆ ದೊರೆಯುತ್ತದೆ. ಅದೇ ರಸೀದಿಯ ಚಿತ್ರವನ್ನು ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಆ ಗುಂಪಿಗೆ ಅಂತಹ ಅಧಿಕಾರವಿಲ್ಲ.

ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಹೆಸರು ಹೇಳುವುದರಲ್ಲಿ ಇನ್ನೊಂದು ತೊಡಕಿದೆ. ಪಂಚಾಯಿತಿ ನೌಕರನ ಮೇಲಿನ ಶಿಸ್ತುಕ್ರಮವು ಮುಂದೆ ಅದೇ ಸಭೆಯ ಮುಂದೆ ಬಂದಲ್ಲಿ ತೀರ್ಮಾನಿಸುವವರಲ್ಲಿ ಸದಸ್ಯರೂ ಒಬ್ಬರಾಗಿರುತ್ತಾರೆ. ವಿಚಾರಣೆಗೂ ಮುಂಚೆ ತಪ್ಪಿತಸ್ಥನೆಂದು ಸಾರಿದವರೇ ತೀರ್ಪಿಗೂ ಕೈಯೆತ್ತಿದರೆ, ಮೇಲ್ಮನವಿಯಲ್ಲಿ ಪೂರ್ವಗ್ರಹದ ಆಕ್ಷೇಪ ಬರುವುದು ಖಚಿತ. ನಿಜವಾದ ಲೋಪವೂ ಆಗ ಶಿಕ್ಷೆಯಿಲ್ಲದೆ ಉಳಿಯಬಹುದು. ದೂರು ನೀಡಿದ ಸದಸ್ಯರು ಆ ವಿಷಯದ ತೀರ್ಮಾನದಿಂದ ದೂರ ಉಳಿಯುವುದೇ ಉಚಿತ.

ಪತ್ರದ ನಂತರ

ಒಂದು ತಿಂಗಳ ಬಳಿಕ ಸ್ವೀಕೃತಿಯ ದಿನಾಂಕವನ್ನು ಉಲ್ಲೇಖಿಸಿ, ಪರಿಶೀಲನೆಯ ಹಂತವನ್ನಷ್ಟೇ ಕೇಳಿ ಜ್ಞಾಪನ ಪತ್ರ ಬರೆಯಬಹುದು. ಅದರಲ್ಲಿ ಹೊಸ ಆರೋಪ ಸೇರಿಸಬಾರದು; ಹೊಸ ಸಂಗತಿ ತಿಳಿದುಬಂದಿದ್ದಲ್ಲಿ ಅದಕ್ಕೆ ಪ್ರತ್ಯೇಕ ಪತ್ರವೇ ಬೇಕು. ಮಾಲೀಕರು ಬಂದು ಕೇಳಿದಾಗ, "ನಿಮ್ಮ ರಸೀದಿಯ ವಿಷಯವನ್ನು ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ, ಮೂಲ ರಸೀದಿಯನ್ನು ಜೋಪಾನವಾಗಿಡಿ" ಎಂದು ಹೇಳಿದರೆ ಸಾಕು. ರಸೀದಿ ಇಲ್ಲದ ಮೂರನೆಯ ಮಾಲೀಕರು ಹಣ ಕೊಟ್ಟ ದಿನ, ಸ್ಥಳ ಮತ್ತು ಆಗ ಜೊತೆಯಲ್ಲಿದ್ದವರ ಹೆಸರನ್ನು ತಾವೇ ಬರೆದು ಸಹಿ ಮಾಡಿ ಅಧಿಕಾರಿಗೆ ಸಲ್ಲಿಸುವಂತೆ ತಿಳಿಸಬೇಕು. ಅವರ ಹೇಳಿಕೆ ಅವರದೇ ಮಾತಿನಲ್ಲಿರಲಿ. ಅದನ್ನು ಸದಸ್ಯರು ಬರೆದುಕೊಡತಕ್ಕದ್ದಲ್ಲ.